ನಾಲ್ಕು ಎಂದರೆ ಎಷ್ಟು: ಸಂದರ್ಶಕರ ಅಂಕಗಳಿಗೆ ಒಂದೇ ಅರ್ಥ ಕೂಡಿಸುವ ಬಗೆ



1964ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮೈಸೂರು ರಾಜ್ಯದ ಒಂದು ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಕಾನೂನು ಓದಿದವರಿಗೆ ಅದು ಚಿತ್ರಲೇಖಾ ಪ್ರಕರಣವೆಂದೇ ಪರಿಚಿತ. ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಿಗೆ ವಿದ್ಯಾರ್ಥಿಗಳನ್ನು ಆರಿಸುವಾಗ, ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟನ್ನು ಸಂದರ್ಶನಕ್ಕೆ ಇಡಬೇಕೆಂದು ಸರ್ಕಾರ ಆದೇಶಿಸಿತ್ತು. ಸಾಮಾನ್ಯ ಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ವ್ಯಾಸಂಗ, ಎನ್.ಸಿ.ಸಿ.ಯಂಥ ತರಬೇತಿ, ಆಟೋಟ ಹಾಗೂ ಇತರ ಚಟುವಟಿಕೆ ಎಂದು ಆದೇಶದಲ್ಲಿ ಐದು ಶೀರ್ಷಿಕೆಗಳಿದ್ದವು. ನ್ಯಾಯಾಲಯ ಆ ಪದ್ಧತಿಯನ್ನು ಎತ್ತಿಹಿಡಿಯಿತು.

ಏನನ್ನು ನೋಡಬೇಕೆಂಬುದನ್ನು ಆ ಶೀರ್ಷಿಕೆಗಳು ಹೇಳುತ್ತವೆ. ವ್ಯಕ್ತಿತ್ವದಲ್ಲಿ ಏನು ಕಂಡರೆ ಎಷ್ಟು ಅಂಕ ಎಂಬುದು ಬೇರೆಯೇ ಪ್ರಶ್ನೆ. ಮುಂದಿನ ಎರಡು ದಶಕಗಳ ವ್ಯಾಜ್ಯಗಳಲ್ಲಿಯೂ ವಾದ ಹೆಚ್ಚಾಗಿ ನಡೆದದ್ದು ಸಂದರ್ಶನದ ಪಾಲು ಎಷ್ಟಿರಬೇಕು ಎಂಬುದರ ಮೇಲೆಯೇ. ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ಪ್ರವೇಶದಲ್ಲಿ 150 ಅಂಕಗಳ ಪೈಕಿ 50 ಸಂದರ್ಶನಕ್ಕೆ ಮೀಸಲಾಗಿದ್ದವು, ಒಬ್ಬೊಬ್ಬ ಅಭ್ಯರ್ಥಿಗೆ ಸಿಕ್ಕಿದ್ದು ಎರಡು ಮೂರು ನಿಮಿಷ. 1981ರ ಕಾನೂನು ವರದಿಗಳಲ್ಲಿ ಅಚ್ಚಾದ ಅಜಯ್ ಹಾಸಿಯಾ ತೀರ್ಪು ಇದನ್ನು ಒಪ್ಪಲಿಲ್ಲ. ಅಂಥ ಪ್ರವೇಶದಲ್ಲಿ ಸಂದರ್ಶನದ ಪಾಲು ಶೇ. 15 ಮೀರಿದರೆ ಅದು ಮನಬಂದಂತೆ ಮಾಡಿದ ಆಯ್ಕೆಯಾಗುತ್ತದೆ ಎಂದಿತು. ಹರಿಯಾಣದ ಅಶೋಕ್ ಕುಮಾರ್ ಯಾದವ್ ಪ್ರಕರಣದಲ್ಲಿ, 1985ರಲ್ಲಿ, ಚರ್ಚೆ ಮತ್ತೆ ಶೇಕಡಾವಾರಿನದೇ. ಇಂದು ಕೇಂದ್ರ ನಾಗರಿಕ ಸೇವಾ ಪರೀಕ್ಷೆಯ ಒಟ್ಟು 2025 ಅಂಕಗಳಲ್ಲಿ ವ್ಯಕ್ತಿತ್ವ ಪರೀಕ್ಷೆಗೆ ಇರುವುದು 275.

ಪಾಲನ್ನು ಇಳಿಸಿದರೆ ತಪ್ಪಿನ ಪರಿಣಾಮ ಇಳಿಯುತ್ತದೆ, ತಪ್ಪು ಇಳಿಯುವುದಿಲ್ಲ. ಒಂದು ಕೊಠಡಿಯ ನಾಲ್ಕೂ ಪಕ್ಕದ ಕೊಠಡಿಯ ನಾಲ್ಕೂ ಬೇರೆ ಬೇರೆಯಾಗಿದ್ದರೆ, ಅವನ್ನು 50ಕ್ಕೆ ಲೆಕ್ಕ ಹಾಕಿದರೂ 15ಕ್ಕೆ ಲೆಕ್ಕ ಹಾಕಿದರೂ ಬೇರೆಯಾಗಿಯೇ ಉಳಿಯುತ್ತವೆ. ಅಂಗಡಿಯ ತೂಕದ ಬಟ್ಟುಗಳಿಗೆ ಇಲಾಖೆಯವರು ಕಾಲಕಾಲಕ್ಕೆ ಪರೀಕ್ಷೆ ಮಾಡಿ ಮುದ್ರೆ ಒತ್ತುತ್ತಾರೆ. ಸಂದರ್ಶಕರ ಅಂಕಗಳಿಗೂ ಅಂಥದೊಂದು ಪರೀಕ್ಷೆ ಸಾಧ್ಯವೇ, ಸಾಧ್ಯವಾದರೆ ಅದು ಹೇಗೆ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಈ ಉಪನ್ಯಾಸದ ವಿಷಯ.

ವ್ಯತ್ಯಾಸ ಇದೆ ಎಂಬುದು ಹಳೆಯ ಸಂಗತಿ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಎಫ್.ವೈ. ಎಜ್‌ವರ್ತ್ 1888ರಲ್ಲಿಯೇ ಪರೀಕ್ಷೆಗಳ ಅಂಕದಲ್ಲಿ ಎಷ್ಟು ಪಾಲು ಅದೃಷ್ಟದ್ದು ಎಂದು ಲೆಕ್ಕ ಹಾಕಿದರು. 1910ರ ದಶಕದಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬಿಬ್ಬರು ಒಂದೇ ರೇಖಾಗಣಿತದ ಉತ್ತರಪತ್ರಿಕೆಯನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಗೆ ಕಳುಹಿಸಿದರು. ಮರಳಿ ಬಂದ ಅಂಕಗಳು ನೂರಕ್ಕೆ 30ಕ್ಕಿಂತ ಕೆಳಗಿನಿಂದ 90ಕ್ಕಿಂತ ಮೇಲಿನವರೆಗೆ ಹರಡಿದ್ದವು. ಸರಿ ತಪ್ಪು ಖಚಿತವೆಂದು ನಾವು ನಂಬುವ ಗಣಿತದ ಕಥೆಯೇ ಇದಾದರೆ, ಬಾಯಿಮಾತಿನ ಸಂದರ್ಶನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಆದರೆ ಈ ವ್ಯತ್ಯಾಸವೆಲ್ಲ ಒಂದೇ ಜಾತಿಯದಲ್ಲ, ಮತ್ತು ಮದ್ದು ಯಾವುದೆಂಬುದು ಜಾತಿಯನ್ನು ಅವಲಂಬಿಸಿದೆ. ಒಬ್ಬರ ಕೈ ಬಿಗಿ, ಇನ್ನೊಬ್ಬರ ಕೈ ಸಡಿಲ. ಬಿಗಿ ಕೈಯವರು ಎಲ್ಲರಿಗೂ ಒಂದೊಂದು ಅಂಕ ಕಡಿಮೆ ಹಾಕುತ್ತಾರೆ, ಆದರೆ ಯಾರು ಮೇಲೆ ಯಾರು ಕೆಳಗೆ ಎಂಬ ಅವರ ತೀರ್ಮಾನ ಉಳಿದವರ ತೀರ್ಮಾನದಂತೆಯೇ ಇರುತ್ತದೆ. ಇನ್ನು ಕೆಲವರು ಐದರ ಅಳತೆಯಲ್ಲಿ ಮೂರನ್ನು ಬಿಟ್ಟು ಕದಲುವುದಿಲ್ಲ. ತೀರಾ ಒಳ್ಳೆಯ ಉತ್ತರಕ್ಕೆ ನಾಲ್ಕು, ತೀರಾ ಕೆಟ್ಟದ್ದಕ್ಕೆ ಎರಡು, ಉಳಿದದ್ದೆಲ್ಲ ಮೂರು. ಈ ಎರಡನ್ನೂ ಗಣಿತದಿಂದ ಸ್ವಲ್ಪ ಮಟ್ಟಿಗೆ ಸರಿಮಾಡಬಹುದು: ಒಂದು ಕೂಡಿಸುವ ಲೆಕ್ಕ, ಇನ್ನೊಂದು ಹಿಗ್ಗಿಸುವ ಲೆಕ್ಕ. ಮೂರನೆಯದು ಹಾಗಲ್ಲ. ಅಲ್ಲಿ ಇಬ್ಬರು ಸಂದರ್ಶಕರು ಒಂದೇ ಶೀರ್ಷಿಕೆಯ ಕೆಳಗೆ ಬೇರೆ ಬೇರೆ ಗುಣಗಳನ್ನು ಅಳೆಯುತ್ತಿರುತ್ತಾರೆ. ‘ಜವಾಬ್ದಾರಿ’ ಎಂದರೆ ಒಬ್ಬರಿಗೆ ಹೇಳಿದ್ದನ್ನು ತಪ್ಪದೆ ಮಾಡುವುದು, ಇನ್ನೊಬ್ಬರಿಗೆ ಹೇಳಿದ್ದು ತಪ್ಪೆನಿಸಿದರೆ ನಿಂತು ಕೇಳುವುದು. ಇಲ್ಲಿ ಅಭ್ಯರ್ಥಿಗಳ ಸರದಿಯೇ ತಿರುವುಮುರುವಾಗುತ್ತದೆ. ಯಾವ ಸೂತ್ರವೂ ಅದನ್ನು ಬಿಡಿಸಲಾರದು.

ಹಾಗಾದರೆ ಮೂರನೆಯ ಜಾತಿಯ ವ್ಯತ್ಯಾಸವನ್ನು ಹಿಡಿಯುವುದು ಹೇಗೆ? ಈ ಕಸುಬಿನ ಅತ್ಯಂತ ಉಪಯುಕ್ತ ವಿಧಾನ ಹುಟ್ಟಿದ್ದು ದಾದಿಯರ ಕೆಲಸವನ್ನು ಅಳೆಯುವ ಪ್ರಯತ್ನದಲ್ಲಿ. 1963ರಲ್ಲಿ ಪ್ಯಾಟ್ರೀಷಿಯಾ ಸ್ಮಿತ್ ಮತ್ತು ಲಾರ್ನ್ ಕೆಂಡಾಲ್ ಪ್ರಕಟಿಸಿದ ಲೇಖನದ ತಿರುಳು ಹೀಗಿದೆ. ‘ಉತ್ತಮ’, ‘ಸಾಧಾರಣ’, ‘ಅಸಮರ್ಪಕ’ ಎಂಬ ವಿಶೇಷಣಗಳನ್ನು ಅಂಕದ ಪಕ್ಕದಲ್ಲಿ ಬರೆದರೆ ಪ್ರಯೋಜನವಿಲ್ಲ, ಏಕೆಂದರೆ ಆ ವಿಶೇಷಣಕ್ಕೂ ಪ್ರತಿಯೊಬ್ಬರೂ ತಮ್ಮದೇ ಅರ್ಥ ಕೊಡುತ್ತಾರೆ. ಅದರ ಬದಲು, ವಾರ್ಡಿನಲ್ಲಿ ಕೆಲಸ ಮಾಡಿದವರಿಂದಲೇ ನಡೆದ ಪ್ರಸಂಗಗಳನ್ನು ಕಲೆಹಾಕಬೇಕು: ಯಾರು ಏನು ಮಾಡಿದರು, ಏನು ಮಾಡಲಿಲ್ಲ. ಆಮೇಲೆ ಆ ಪ್ರಸಂಗಗಳನ್ನು ಶೀರ್ಷಿಕೆಗಳಿಂದ ಬೇರ್ಪಡಿಸಿ, ಕಲಸಿ, ಬೇರೊಂದು ಗುಂಪಿನ ಕೈಗೆ ಕೊಟ್ಟು, ಪ್ರತಿಯೊಂದೂ ಯಾವ ಗುಣಕ್ಕೆ ಸೇರುತ್ತದೆ, ಎಷ್ಟು ಅಂಕಕ್ಕೆ ನಿಲ್ಲುತ್ತದೆ ಎಂದು ಕೇಳಬೇಕು. ಎರಡನೆಯ ಗುಂಪು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಇಟ್ಟ ಪ್ರಸಂಗಗಳು ಉಳಿಯುತ್ತವೆ. ಒಬ್ಬರು ಎರಡಕ್ಕೂ ಇನ್ನೊಬ್ಬರು ಐದಕ್ಕೂ ಇಟ್ಟ ಪ್ರಸಂಗ ಎಷ್ಟೇ ಸೊಗಸಾಗಿದ್ದರೂ ಹೊರಗೆ ಹೋಗುತ್ತದೆ.

ಹೀಗೆ ಉಳಿದ ಪ್ರಸಂಗಗಳೇ ಅಂಕಗಳ ಗೂಟಗಳು. ಒಂದೊಂದು ಅಂಕವೂ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಒಂದು ನಡವಳಿಕೆಗೆ ಕಟ್ಟಿರುತ್ತದೆ.

ಒಂದು ಆಸ್ಪತ್ರೆ ಸ್ಟಾಫ್ ನರ್ಸ್‌ಗಳ ಆಯ್ಕೆಗೆ ಸಂದರ್ಶನ ನಡೆಸುತ್ತಿದೆ ಎಂದು ಇಟ್ಟುಕೊಳ್ಳೋಣ. ಇದು ವಿವರಣೆಗಾಗಿ ಕಟ್ಟಿದ ಉದಾಹರಣೆ. ಸಂದರ್ಶಕರು ನಾಲ್ವರು: ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟ್, ಒಬ್ಬ ವೈದ್ಯರು, ಎಚ್.ಆರ್. ವಿಭಾಗದ ಅಧಿಕಾರಿ, ಹೊರಗಿನಿಂದ ಬಂದ ನರ್ಸಿಂಗ್ ಕಾಲೇಜಿನ ಅಧ್ಯಾಪಕಿ. ಎಲ್ಲ ಅಭ್ಯರ್ಥಿಗಳಿಗೂ ಕೇಳುವ ಐದು ಪ್ರಶ್ನೆಗಳಲ್ಲಿ ಒಂದು ಹೀಗಿದೆ: ನೈಟ್ ಡ್ಯೂಟಿಯಲ್ಲಿದ್ದೀರಿ, ಡ್ಯೂಟಿ ಡಾಕ್ಟರ್ ಫೋನಿನಲ್ಲಿ ಒಂದು ಇಂಜೆಕ್ಷನ್ ಹೇಳಿದರು, ಡೋಸ್ ಜಾಸ್ತಿ ಎನಿಸುತ್ತದೆ, ಏನು ಮಾಡುತ್ತೀರಿ?

ಅಭ್ಯಾಸಕ್ಕೆಂದು ಮೊದಲೇ ಚಿತ್ರೀಕರಿಸಿಟ್ಟ ಒಂದು ಉತ್ತರವನ್ನು ನಾಲ್ವರಿಗೂ ಕೇಳಿಸಲಾಗುತ್ತದೆ.

“ಡೋಸ್ ಜಾಸ್ತಿ ಅನ್ನಿಸಿದ್ರೆ ನಾನು ತಕ್ಷಣ ಕೊಡಲ್ಲ ಸರ್. ಮೊದಲು ವಾರ್ಡ್ ಸಿಸ್ಟರನ್ನ ಕೇಳ್ತೀನಿ. ಅವರು ಸರಿ ಇದೆ ಅಂದ್ರೆ ಕೊಟ್ಟು ಕೇಸ್ ಶೀಟಲ್ಲಿ ಬರೀತೀನಿ.”

ಯಾರೂ ಮಾತಾಡುವಂತಿಲ್ಲ. ನಾಲ್ವರೂ ತಮ್ಮ ತಮ್ಮ ಹಾಳೆಯಲ್ಲಿ ಅಂಕ ಬರೆದು, ಪಕ್ಕದಲ್ಲಿ ಕಾರಣವನ್ನು ಒಂದು ಸಾಲಿನಲ್ಲಿ ಬರೆದು, ಹಾಳೆಗಳನ್ನು ಒಟ್ಟಿಗೆ ತೆರೆಯುತ್ತಾರೆ. ಸೂಪರಿಂಟೆಂಡೆಂಟ್ 2 ಕೊಟ್ಟಿದ್ದಾರೆ: ಆದೇಶ ಕೊಟ್ಟ ಡಾಕ್ಟರನ್ನೇ ಮತ್ತೆ ಕೇಳಲಿಲ್ಲ. ವೈದ್ಯರು 4: ಸಂದೇಹ ಬಂದಾಗ ನಿಲ್ಲಿಸಿದಳು, ಹಿರಿಯರನ್ನು ಕೇಳಿದಳು. ಎಚ್.ಆರ್. ಅಧಿಕಾರಿಯೂ 4: ಗಾಬರಿಯಿಲ್ಲದೆ ಸ್ಪಷ್ಟವಾಗಿ ಮಾತಾಡಿದಳು. ಅಧ್ಯಾಪಕಿ 3: ನಿಲ್ಲಿಸಿದ್ದು, ದಾಖಲಿಸಿದ್ದು ಸರಿ, ಆದರೆ ಖಚಿತಪಡಿಸಿಕೊಳ್ಳುವ ಕ್ರಮ ಪೂರ್ತಿಯಾಗಲಿಲ್ಲ.

ಈ ನಾಲ್ಕು ಸಾಲುಗಳಲ್ಲಿ ಎಲ್ಲರಿಗೂ ಮೊದಲು ಕಾಣುವುದು 2 ಮತ್ತು 4ರ ನಡುವಿನ ಅಂತರ. ಕಾಣದೆ ಹೋಗುವುದು ಎರಡು 4ಗಳ ನಡುವಿನ ಅಂತರ. ವೈದ್ಯರು ಅಳೆದದ್ದು ರೋಗಿಯ ಸುರಕ್ಷತೆಯನ್ನು, ಎಚ್.ಆರ್. ಅಧಿಕಾರಿ ಅಳೆದದ್ದು ಮಾತಿನ ಧಾಟಿಯನ್ನು. ಅವರ ಅಂಕ ಕೂಡಿಬಂದದ್ದು ಕಾಕತಾಳೀಯ. ನಾಳೆ ತಡವರಿಸುತ್ತಲೇ ಸರಿಯಾದ ಉತ್ತರ ಕೊಡುವ ಅಭ್ಯರ್ಥಿ ಬಂದರೆ ಒಬ್ಬರು 5, ಇನ್ನೊಬ್ಬರು 2 ಕೊಟ್ಟಾರು. ಅದಕ್ಕೇ ಅಂಕದ ಜೊತೆ ಕಾರಣವನ್ನೂ ಬರೆಸುವುದು. ಅಂಕಗಳನ್ನಷ್ಟೇ ಹೋಲಿಸಿ ‘ಇಬ್ಬರದೂ ಹೊಂದುತ್ತದೆ’ ಎಂದು ಮುಂದೆ ಹೋಗುವ ತಾಲೀಮು ಅರ್ಧ ತಾಲೀಮು.

ಈಗ ಗೂಟಗಳನ್ನು ತೆಗೆದುನೋಡುತ್ತಾರೆ. 5ಕ್ಕೆ ಹೀಗಿದೆ: ಫೋನಿನಲ್ಲೇ ಔಷಧದ ಹೆಸರು, ಪ್ರಮಾಣ, ಕೊಡುವ ಮಾರ್ಗವನ್ನು ಓದಿ ಹೇಳಿ ಖಚಿತಪಡಿಸಿಕೊಳ್ಳುತ್ತಾಳೆ, ಸಂದೇಹಕ್ಕೆ ಕಾರಣ ಹೇಳಿ ಡಾಕ್ಟರನ್ನೇ ಮತ್ತೆ ಕೇಳುತ್ತಾಳೆ, ಸಮಾಧಾನವಾಗದಿದ್ದರೆ ಹಿರಿಯರಿಗೆ ತಿಳಿಸುತ್ತಾಳೆ, ಅಲ್ಲಿಯವರೆಗೆ ಕೊಡುವುದಿಲ್ಲ, ಸಮಯ ಮತ್ತು ಹೆಸರನ್ನು ಕೇಸ್ ಶೀಟಿನಲ್ಲಿ ದಾಖಲಿಸುತ್ತಾಳೆ. 3ಕ್ಕೆ: ಕೊಡದೆ ನಿಲ್ಲಿಸಿ ಹಿರಿಯರನ್ನು ಕೇಳುತ್ತಾಳೆ, ಆದರೆ ಆದೇಶ ಕೊಟ್ಟವರ ಬಳಿಗೆ ಮರಳುವುದಿಲ್ಲ. 1ಕ್ಕೆ: ಡಾಕ್ಟರ್ ಹೇಳಿದ್ದಾರೆಂದು ಕೊಟ್ಟುಬಿಡುತ್ತಾಳೆ, ಇಲ್ಲವೇ ಯಾರಿಗೂ ಹೇಳದೆ ಬಿಟ್ಟುಬಿಡುತ್ತಾಳೆ. ಇವುಗಳ ನಡುವೆ ಬೀಳುವ ಉತ್ತರಗಳಿಗೆ 2 ಮತ್ತು 4.

ಚಿತ್ರಿಕೆಯ ಉತ್ತರ ಮೂರರ ಗೂಟಕ್ಕೆ ಹತ್ತಿರ. ಆದರೆ ಮಾತು ಅಲ್ಲಿಗೇ ಮುಗಿಯುವುದಿಲ್ಲ, ಮುಗಿಯಲೂಬಾರದು. ಸೂಪರಿಂಟೆಂಡೆಂಟ್ ಆಕ್ಷೇಪಿಸುತ್ತಾರೆ: “ಸಿಸ್ಟರ್ ಸರಿ ಅಂದ್ರೆ ಕೊಡ್ತೀನಿ ಅಂದಳಲ್ಲ, ಅಪಾಯ ಇರೋದು ಅಲ್ಲೇ. ಇಬ್ಬರಿಗೂ ಗೊತ್ತಿಲ್ಲದ ಡೋಸನ್ನ ಇಬ್ಬರೂ ಸೇರಿ ಕೊಟ್ಟ ಹಾಗಾಯ್ತು.” ಇದು ಬಿಗಿ ಕೈಯ ಮಾತಲ್ಲ, ಗೂಟದಲ್ಲಿದ್ದ ಬಿರುಕನ್ನು ತೋರಿಸಿದ ಮಾತು. ಹಿರಿಯರನ್ನು ಕೇಳುವುದು ಒಂದು, ಹಿರಿಯರ ಒಪ್ಪಿಗೆಯನ್ನು ಡಾಕ್ಟರ ಖಾತ್ರಿಯ ಬದಲಿಗೆ ಇಟ್ಟುಕೊಳ್ಳುವುದು ಇನ್ನೊಂದು. ನಾಲ್ವರೂ ಚರ್ಚಿಸಿ ಎರಡನೆಯದನ್ನು 2ಕ್ಕೆ ಇಳಿಸಲು ಒಪ್ಪುತ್ತಾರೆ, ಹಾಳೆಯಲ್ಲಿ ಒಂದು ಸಾಲು ಸೇರುತ್ತದೆ. ಕೊನೆಗೆ ಬಂದ ಅಂಕ 2. ಸರಾಸರಿ ಹಾಕಿದ್ದರೆ 3.25 ಬರುತ್ತಿತ್ತು, ಹೆಚ್ಚು ಮಂದಿ ಕೊಟ್ಟ ಅಂಕವನ್ನು ಹಿಡಿದಿದ್ದರೆ 4.

ಇನ್ನೊಂದು ಪ್ರಶ್ನೆಯೂ ಇಲ್ಲಿಯೇ ತೀರ್ಮಾನವಾಗಬೇಕು. ಅಭ್ಯರ್ಥಿ ಡಾಕ್ಟರನ್ನು ಮತ್ತೆ ಕೇಳುವ ವಿಷಯ ಹೇಳಲಿಲ್ಲ ನಿಜ, ಆದರೆ “ಆಮೇಲೆ?” ಎಂದು ಕೇಳಿದ್ದರೆ ಹೇಳುತ್ತಿದ್ದಳೇನೋ. ಒಂದು ಕೊಠಡಿಯಲ್ಲಿ ಹೀಗೆ ಕೆದಕಿ ಕೇಳಿ, ಇನ್ನೊಂದರಲ್ಲಿ ಸುಮ್ಮನೆ ಮುಂದಿನ ಪ್ರಶ್ನೆಗೆ ಹೋದರೆ, ಗೂಟ ಒಂದೇ ಆಗಿದ್ದರೂ ಅಂಕ ಬೇರೆಯಾಗುತ್ತದೆ. ಆದ್ದರಿಂದ ಉಪಪ್ರಶ್ನೆ ಎಷ್ಟು, ಅದರ ಮಾತು ಯಾವುದು, ಕೆದಕಿದ ಮೇಲೆ ಬಂದ ಉತ್ತರಕ್ಕೆ ಪೂರ್ಣ ಅಂಕವೇ ಅಲ್ಲವೇ ಎಂಬುದನ್ನು ಮೊದಲೇ ಬರೆದಿಡಬೇಕಾಗುತ್ತದೆ. ಅಂಕಗಳು ಬೇರೆಯಾದಾಗ ಜನ ಸಾಮಾನ್ಯವಾಗಿ ಸಂದರ್ಶಕರ ಸ್ವಭಾವವನ್ನು ದೂರುತ್ತಾರೆ. ಎಷ್ಟೋ ಸಲ ಬೇರೆಯಾಗಿದ್ದದ್ದು ಕೇಳಿದ ಪ್ರಶ್ನೆಯೇ.

ಸಭಿಕರೇ, ಚಿತ್ರೀಕರಿಸಿಟ್ಟ ಉತ್ತರ ಎಂದಾಗ ಒಂದು ಸಂಗತಿ ನೆನಪಾಗಬೇಕು. ಅಜಯ್ ಹಾಸಿಯಾ ತೀರ್ಪಿನಲ್ಲಿಯೇ ಸುಪ್ರೀಂ ಕೋರ್ಟು ಸಂದರ್ಶನಗಳನ್ನು ಟೇಪ್ ರೆಕಾರ್ಡ್ ಮಾಡುವುದು ಒಳ್ಳೆಯದೆಂದು ಹೇಳಿತ್ತು. ನ್ಯಾಯಾಲಯದ ಉದ್ದೇಶ ಪಾರದರ್ಶಕತೆ. ಆದರೆ ಅಂಥ ಧ್ವನಿಮುದ್ರಣಗಳು ಇದ್ದಲ್ಲಿ, ಅಭ್ಯರ್ಥಿಯ ಒಪ್ಪಿಗೆ ಪಡೆದು ಗುರುತು ಅಳಿಸಿದರೆ, ಮುಂದಿನ ವರ್ಷದ ಸಂದರ್ಶಕರ ತಾಲೀಮಿಗೆ ಅವುಗಳಿಗಿಂತ ಒಳ್ಳೆಯ ಸಾಮಗ್ರಿ ಬೇರೆ ಸಿಗದು. ತಾಲೀಮಿಗೆ ಮೂರು ನಾಲ್ಕು ಉತ್ತರಗಳು ಸಾಕು. ಒಂದು ಸ್ಪಷ್ಟವಾಗಿ ಒಳ್ಳೆಯದು, ಒಂದು ಸ್ಪಷ್ಟವಾಗಿ ಕಳಪೆ, ಉಳಿದವು ಎರಡು ಗೂಟಗಳ ನಡುವೆ ತೂಗುವಂಥವು. ಕಲಿಕೆ ಆಗುವುದು ನಡುವಿನವುಗಳಲ್ಲಿ.

ಚರ್ಚೆಯಲ್ಲಿ ಯಾರು ಮೊದಲು ಮಾತಾಡಬೇಕೆಂಬುದು ಸಣ್ಣ ವಿಷಯವಲ್ಲ. ನಮ್ಮ ಕಡೆ ಅಧ್ಯಕ್ಷರು ‘ಹುಡುಗಿ ಪರವಾಗಿಲ್ಲ’ ಎಂದು ಕುರ್ಚಿಗೆ ಒರಗಿದರೆಂದರೆ ಉಳಿದವರ ಪೆನ್ನು ತಾನೇ ಅತ್ತ ವಾಲುತ್ತದೆ. ಹಿರಿಯರಿಗೆ ಎದುರಾಡಬಾರದೆಂಬ ಸಂಕೋಚ ಬೇರೆ ಕಡೆ ಗುಣವಿರಬಹುದು, ಇಲ್ಲಿ ಅದು ನಾಲ್ಕು ಅಭಿಪ್ರಾಯಗಳನ್ನು ಒಂದಾಗಿಸಿಬಿಡುತ್ತದೆ. ಹಾಳೆಗಳನ್ನು ಒಟ್ಟಿಗೆ ತೆರೆಯುವ ನಿಯಮ ಅದಕ್ಕೇ. ತೆರೆದ ಮೇಲೆ ಅತಿ ಕಡಿಮೆ ಕೊಟ್ಟವರು, ಅತಿ ಹೆಚ್ಚು ಕೊಟ್ಟವರು ಮೊದಲು ಮಾತಾಡುತ್ತಾರೆ, ಅಧ್ಯಕ್ಷರು ಕೊನೆಗೆ. ಮಾತಾಡುವಾಗಲೂ ಅಭ್ಯರ್ಥಿ ಆಡಿದ ಮಾತನ್ನು ಉದ್ಧರಿಸಿಯೇ ವಾದಿಸಬೇಕು. ‘ಅವಳಲ್ಲಿ ಒಂದು ಕಳೆ ಇದೆ’ ಎಂಬುದು ವಾದವಲ್ಲ.

ತರಬೇತಿ ಎಂಬ ಹೆಸರಿನಲ್ಲಿ ಹಲವು ಕಡೆ ನಡೆಯುವುದು ಇದಲ್ಲ. ಸಂದರ್ಶಕರನ್ನು ಕೂರಿಸಿ, ಬಹಳ ಉದಾರವಾಗಬೇಡಿ, ಎಲ್ಲರಿಗೂ ಮೂರು ಹಾಕಬೇಡಿ, ಅಂಕಗಳನ್ನು ಚೆನ್ನಾಗಿ ಹರಡಿ ಎಂದು ಉಪದೇಶಿಸುತ್ತಾರೆ. 1980ರಲ್ಲಿ ಬರ್ನಾರ್ಡಿನ್ ಮತ್ತು ಪೆನ್ಸ್ ನಡೆಸಿದ ಅಧ್ಯಯನ ಇದರ ಪರಿಣಾಮವನ್ನು ಪರೀಕ್ಷಿಸಿತು. ಇಂಥ ಉಪದೇಶ ಕೇಳಿದವರ ಅಂಕಗಳಲ್ಲಿ ಔದಾರ್ಯ ಕಡಿಮೆಯಾಗಿತ್ತು, ಜೊತೆಗೆ ನಿಖರತೆಯೂ ಕಡಿಮೆಯಾಗಿತ್ತು. ಒಂದು ತಪ್ಪು ಅಭ್ಯಾಸವನ್ನು ಬಿಡಲು ಇನ್ನೊಂದನ್ನು ಹಿಡಿದಿದ್ದರು: ನಿಜವಾಗಿಯೂ ಮೂವರು ಒಳ್ಳೆಯವರು ಬಂದಾಗಲೂ ಒಬ್ಬರಿಗೆ ಕಡಿಮೆ ಹಾಕುವುದು. ಬರ್ನಾರ್ಡಿನ್ ಮರುವರ್ಷ ಬಕ್ಲಿ ಅವರೊಡನೆ ಸೂಚಿಸಿದ ದಾರಿ ಬೇರೆ: ತಪ್ಪುಗಳ ಪಟ್ಟಿ ಕೊಡಬೇಡಿ, ಸಮಾನ ಚೌಕಟ್ಟು ಕೊಡಿ, ಒಂದೇ ಉತ್ತರವನ್ನು ಎಲ್ಲರೂ ಅಳೆದು ಒರೆಹಚ್ಚಿ ನೋಡಲಿ. ಆಮೇಲೆ ಬಂದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರೂ ನಿಖರತೆ ಹೆಚ್ಚಿಸುವುದರಲ್ಲಿ ಈ ದಾರಿಯೇ ಮುಂದು ಎಂದಿದ್ದಾರೆ. ಮೇಲಿನ ಆಸ್ಪತ್ರೆಯ ತಾಲೀಮು ಅದೇ ಮಾದರಿಯದು.

ತಾಲೀಮು ಮುಗಿದು ನಿಜವಾದ ಸಂದರ್ಶನ ಆರಂಭವಾದ ಮೇಲೆ ಅಂಕಗಳು ತಮ್ಮಷ್ಟಕ್ಕೆ ಜಾರತೊಡಗುತ್ತವೆ. ಅಮೆರಿಕದ ಎಂ.ಬಿ.ಎ. ಪ್ರವೇಶದ ಹತ್ತು ವರ್ಷಗಳ, 9000ಕ್ಕೂ ಹೆಚ್ಚು ಸಂದರ್ಶನಗಳನ್ನು ಸೈಮನ್‌ಸನ್ ಮತ್ತು ಜೀನೋ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಒಬ್ಬ ಸಂದರ್ಶಕ ಆ ದಿನ ಈಗಾಗಲೇ ಕೆಲವರಿಗೆ ಹೆಚ್ಚು ಅಂಕ ಕೊಟ್ಟಿದ್ದರೆ ಮುಂದೆ ಬಂದವರಿಗೆ ಸಿಗುವ ಅಂಕ ಇಳಿಯುತ್ತಿತ್ತು. ಇಡೀ ವರ್ಷದ ಅಭ್ಯರ್ಥಿಗಳಲ್ಲಿ ಇರಬೇಕಾದ ಹಂಚಿಕೆಯನ್ನು ಸಂದರ್ಶಕರು ಅರಿವಿಲ್ಲದೆಯೇ ಒಂದೊಂದು ದಿನಕ್ಕೂ ಅನ್ವಯಿಸುತ್ತಿದ್ದರು. ‘ಬೆಳಗಿನಿಂದ ಮೂವರಿಗೆ ಐದು ಕೊಟ್ಟಾಯಿತು, ಇನ್ನು ಸಾಕು’ ಎಂಬ ಭಾವನೆ ಅದು. ಪರಿಹಾರ ಸರಳ, ಪಾಲಿಸುವುದು ಕಷ್ಟ: ಪ್ರತಿ ಪ್ರಶ್ನೆಗೂ ಉತ್ತರ ಮುಗಿದ ಕೂಡಲೇ ಗೂಟದ ಹಾಳೆ ನೋಡಿ ಅಂಕ ಬರೆಯುವುದು, ಹಿಂದಿನ ಅಭ್ಯರ್ಥಿಯ ಹಾಳೆಯನ್ನು ಮಗುಚಿ ಇಡುವುದು. ಊಟದ ನಂತರ ತಾಲೀಮಿನ ಒಂದು ಚಿತ್ರಿಕೆಯನ್ನು ಮತ್ತೆ ಹಾಕಿ ಅಂಕ ಕೇಳಿದರೆ ಜಾರಿಕೆ ಎಷ್ಟೆಂದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಇನ್ನು ಗಣಿತಕ್ಕೆ ಬರೋಣ, ಏಕೆಂದರೆ ಅನೇಕ ಸಂಸ್ಥೆಗಳು ಇಲ್ಲಿಂದಲೇ ಶುರುಮಾಡುತ್ತವೆ.

ಅದೇ ಆಸ್ಪತ್ರೆಯಲ್ಲಿ ಎರಡು ತಂಡಗಳು ಎರಡು ಕೊಠಡಿಗಳಲ್ಲಿ ಕೂತಿವೆ. ಐದು ಪ್ರಶ್ನೆ, ಒಟ್ಟು 25 ಅಂಕ. ಒಂದೊಂದು ತಂಡವೂ 30 ಜನರನ್ನು ನೋಡಿದೆ. ಮೊದಲ ತಂಡದ ಸರಾಸರಿ 17.5, ಎರಡನೆಯದರದು 14. ಅಭ್ಯರ್ಥಿಗಳ ಅಂಕಗಳು ಸರಾಸರಿಯಿಂದ ಅತ್ತಿತ್ತ ಹರಡಿರುವ ಪ್ರಮಾಣ, ಅಂದರೆ ಮಾನಕ ವಿಚಲನೆ, ಎರಡರಲ್ಲೂ 3ರ ಆಸುಪಾಸು. ಮೊದಲ ತಂಡದ ಕೈ ಸಡಿಲವೇ?

ಅಭ್ಯರ್ಥಿಗಳನ್ನು ಲಿಖಿತ ಪರೀಕ್ಷೆಯ ರ‍್ಯಾಂಕಿನ ಕ್ರಮದಲ್ಲಿ ಕರೆದು ಮೊದಲ 30 ಜನರನ್ನು ಮೊದಲ ಕೊಠಡಿಗೆ ಕಳುಹಿಸಿದ್ದರೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಅವರು ನಿಜವಾಗಿಯೂ ಹೆಚ್ಚು ಸಮರ್ಥರಿರಬಹುದು. ಅವರ ಅಂಕ ಕಡಿತ ಮಾಡಿದರೆ ಅನ್ಯಾಯ ಹೊಸದಾಗಿ ಹುಟ್ಟುತ್ತದೆ. ಆದರೆ ಚೀಟಿ ಎತ್ತಿ ಹಂಚಿದ್ದರೆ ಲೆಕ್ಕ ಹಾಕಬಹುದು. ತಲಾ 30 ಜನರಿದ್ದಾಗ ಎರಡು ಸರಾಸರಿಗಳ ನಡುವೆ ಬರಿಯ ಆಕಸ್ಮಿಕದಿಂದ ಬರುವ ಏರುಪೇರಿನ ಅಳತೆ ಸುಮಾರು 0.8. ಇಲ್ಲಿರುವ ವ್ಯತ್ಯಾಸ 3.5, ಅದರ ನಾಲ್ಕು ಪಟ್ಟಿಗೂ ಹೆಚ್ಚು. ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ, ತಂಡಗಳ ಕೈಯಲ್ಲೇ ವ್ಯತ್ಯಾಸವಿದೆ. ಅದೇ ತಲಾ ಆರೇ ಜನರಿದ್ದರೆ ಆ ಅಳತೆ 1.7ಕ್ಕೆ ಏರುತ್ತದೆ, 3.5 ಅದರ ಎರಡು ಪಟ್ಟು ಮಾತ್ರ. ಆಗ ಗಟ್ಟಿಯಾಗಿ ಏನನ್ನೂ ಹೇಳುವುದು ದುಡುಕು. ಸಣ್ಣ ಸಂಸ್ಥೆಗಳು ಸೂತ್ರ ಹಾಕಿ ಅಂಕ ಸರಿಪಡಿಸಲು ಹೊರಟಾಗ ಎಡವುವುದು ಸಾಮಾನ್ಯವಾಗಿ ಇಲ್ಲಿಯೇ: ಚೀಟಿ ಎತ್ತಿರುವುದಿಲ್ಲ, ಜನರೂ ಸಾಕಷ್ಟಿರುವುದಿಲ್ಲ.

ಸೂತ್ರಗಳು ಎಲ್ಲಿಗೆ ಒಯ್ಯಬಲ್ಲವು ಎಂಬುದಕ್ಕೆ ನಮ್ಮ ದೇಶದ್ದೇ ನಿದರ್ಶನವಿದೆ. ಉತ್ತರ ಪ್ರದೇಶದ ಸಿವಿಲ್ ನ್ಯಾಯಾಧೀಶರ ಆಯ್ಕೆಯಲ್ಲಿ ಬೇರೆ ಬೇರೆ ಪರೀಕ್ಷಕರು ತಿದ್ದಿದ ಉತ್ತರಪತ್ರಿಕೆಗಳಿಗೆ ‘ಸ್ಕೇಲಿಂಗ್’ ಸೂತ್ರ ಹಚ್ಚಿದ್ದರು. ಸಂಜಯ್ ಸಿಂಗ್ ಪ್ರಕರಣದ 2007ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ತೀರ್ಪು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಅದು ಎರಡು ಕೆಲಸಗಳನ್ನು ಬೇರ್ಪಡಿಸುತ್ತದೆ. ಎಲ್ಲರೂ ಬರೆಯುವ ಒಂದೇ ವಿಷಯದಲ್ಲಿ ಪರೀಕ್ಷಕರ ಬಿಗಿ ಸಡಿಲಗಳನ್ನು ಸರಿಪಡಿಸಬೇಕಾದದ್ದು ‘ಮಾಡರೇಷನ್’ನಿಂದ: ಪರೀಕ್ಷಕರು ಮೊದಲು ಕೂಡಿ ಮಾದರಿ ಉತ್ತರಗಳನ್ನು ಚರ್ಚಿಸಬೇಕು, ಮುಖ್ಯ ಪರೀಕ್ಷಕರು ಮಾದರಿ ಪತ್ರಿಕೆಗಳನ್ನು ತಿದ್ದಿನೋಡಿ ಅಳತೆಯನ್ನು ಒಂದಾಗಿಸಬೇಕು. ಬೇರೆ ಬೇರೆ ವಿಷಯ ಆರಿಸಿಕೊಂಡ ಅಭ್ಯರ್ಥಿಗಳನ್ನು ಹೋಲಿಸುವುದು ಇನ್ನೊಂದು ಕೆಲಸ, ಸ್ಕೇಲಿಂಗ್ ಹುಟ್ಟಿದ್ದು ಅದಕ್ಕಾಗಿ. ಸ್ಥಳ ತಪ್ಪಿ ಬಳಸಿದಾಗ ಸೊನ್ನೆ ಬಂದವರಿಗೂ ಅಂಕ ಹುಟ್ಟುವಂಥ ವೈಪರೀತ್ಯಗಳನ್ನು ನ್ಯಾಯಾಲಯ ಎತ್ತಿತೋರಿಸಿತು. ಆ ತೀರ್ಪು ಲಿಖಿತ ಪರೀಕ್ಷೆಯದಾದರೂ ಸಂದರ್ಶನ ನಡೆಸುವವರು ಓದಬೇಕಾದ್ದು.

ಗಣಿತವನ್ನೇ ನಂಬುವುದಾದರೆ ಮೊದಲೇ ವ್ಯವಸ್ಥೆಯನ್ನು ಅದಕ್ಕೆ ಒಗ್ಗುವಂತೆ ಕಟ್ಟಬೇಕು. ಬ್ರಿಟನ್ನಿನ ಎಂ.ಆರ್.ಸಿ.ಪಿ. ವೈದ್ಯಕೀಯ ಪರೀಕ್ಷೆಯ ಪ್ರಾಯೋಗಿಕ ಭಾಗದಲ್ಲಿ ಒಬ್ಬ ಅಭ್ಯರ್ಥಿಯನ್ನು ಹಲವು ಪರೀಕ್ಷಕರು ಜೋಡಿಜೋಡಿಯಾಗಿ ನೋಡುತ್ತಾರೆ. ಹಾಗಾಗಿ ಯಾರ ಕೈ ಎಷ್ಟು ಬಿಗಿ ಎಂದು ಬಿಡಿಸಿ ನೋಡಲು ಸಾಧ್ಯವಾಯಿತು. 2006ರಲ್ಲಿ ಮ್ಯಾಕ್‌ಮೇನಸ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ವಿಶ್ಲೇಷಣೆಯಂತೆ, ಅಂಕಗಳ ವ್ಯವಸ್ಥಿತ ವ್ಯತ್ಯಾಸದಲ್ಲಿ ಶೇ. 87 ಅಭ್ಯರ್ಥಿಗಳ ಸಾಮರ್ಥ್ಯದ್ದು, ಶೇ. 12 ಪರೀಕ್ಷಕರ ಬಿಗಿ ಸಡಿಲದ್ದು. ಬಹುಕಾಲದಿಂದ ನಡೆದುಬಂದ, ಪರೀಕ್ಷಕರಿಗೆ ಸಾಕಷ್ಟು ಅನುಭವವಿರುವ ಪರೀಕ್ಷೆಯಲ್ಲೇ ಇಷ್ಟು. ಪ್ರತಿ ತಂಡದಲ್ಲೂ ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ ನಾಲ್ವರನ್ನು ಕೂರಿಸಿದರೆ ಇಂಥ ಲೆಕ್ಕ ಅಸಾಧ್ಯ, ಏಕೆಂದರೆ ಎರಡು ತಂಡಗಳನ್ನು ಕೂಡಿಸುವ ಕೊಂಡಿಯೇ ಇರುವುದಿಲ್ಲ. ಮಧ್ಯಾಹ್ನ ಇಬ್ಬರನ್ನು ಅದಲುಬದಲು ಮಾಡಿದರೂ ಕೊಂಡಿ ಹುಟ್ಟುತ್ತದೆ.

ಇದಕ್ಕಿಂತ ಜಾಣ ಉಪಾಯ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ್ದು. ವೈದ್ಯಕೀಯ ಪ್ರವೇಶಕ್ಕೆಂದು ಅಲ್ಲಿ ರೂಪಿಸಿ 2004ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಅಭ್ಯರ್ಥಿ ಹಲವು ಸಣ್ಣ ಕೊಠಡಿಗಳನ್ನು ಸುತ್ತಿ ಬರುತ್ತಾನೆ. ಒಂದೊಂದು ಕೊಠಡಿಯಲ್ಲೂ ಒಂದೊಂದು ಸನ್ನಿವೇಶ. ಔಷಧದ ಪ್ರಶ್ನೆಯನ್ನು ಸೂಪರಿಂಟೆಂಡೆಂಟ್ ಒಬ್ಬರೇ 60 ಜನಕ್ಕೂ ಕೇಳಿದರೆ, ಅವರ ಕೈ ಎಷ್ಟು ಬಿಗಿಯಾದರೂ ಎಲ್ಲರಿಗೂ ಅಷ್ಟೇ ಬಿಗಿ. ಕೈಯ ಬಿಗಿ ಲೆಕ್ಕದಿಂದ ತಾನಾಗಿಯೇ ಹೊಡೆದುಹೋಗುತ್ತದೆ, ಸೂತ್ರ ಬೇಕಾಗುವುದಿಲ್ಲ. ಒಬ್ಬ ಸಂದರ್ಶಕನ ಮೊದಲ ಅನಿಸಿಕೆ ಐದೂ ಪ್ರಶ್ನೆಗಳ ಮೇಲೆ ಹರಡುವುದೂ ತಪ್ಪುತ್ತದೆ. ಕೊಠಡಿ ಹೆಚ್ಚು ಬೇಕು, ಗಂಟೆ ಹೊಡೆದು ಸಮಯ ಪಾಲಿಸುವವರು ಬೇಕು, ಬೆಳಿಗ್ಗೆ ಬಂದವರು ಪ್ರಶ್ನೆಯನ್ನು ಹೊರಗೆ ಕಾಯುವವರಿಗೆ ಹೇಳದಂತೆ ನೋಡಿಕೊಳ್ಳಬೇಕು. ನಾಲ್ಕು ಕೊಠಡಿಯಿರುವ ಆಸ್ಪತ್ರೆಗೂ ಇದು ಅಸಾಧ್ಯವಲ್ಲ. ಆದರೆ ಆ ಒಬ್ಬರು ತಪ್ಪು ಗುಣವನ್ನು ಅಳೆಯುತ್ತಿದ್ದರೆ 60 ಜನಕ್ಕೂ ತಪ್ಪೇ ಆಗುತ್ತದೆ, ಆದ್ದರಿಂದ ಗೂಟ ಮತ್ತು ತಾಲೀಮು ಇಲ್ಲಿಯೂ ತಪ್ಪುವುದಿಲ್ಲ.

ಈ ಮಾತು ಇನ್ನೊಂದು ಮಿತಿಯನ್ನು ಮುಂದಿಡುತ್ತದೆ. ನಾಲ್ವರೂ ಒಂದೇ ಅಂಕ ಕೊಟ್ಟರೆ ಅಳತೆ ಕೂಡಿತು ಎನ್ನಬಹುದು, ಅಳತೆ ಸರಿ ಎನ್ನಲಾಗದು. ಎಚ್.ಆರ್. ಅಧಿಕಾರಿಯ ‘ಸ್ಪಷ್ಟವಾಗಿ ಮಾತಾಡಿದಳು’ ಎಂಬ ಸಾಲನ್ನು ನೆನೆಯಬೇಕು. ನಾಲ್ವರೂ ಬೆಂಗಳೂರಿನವರಾಗಿದ್ದು, ಸ್ಪಷ್ಟತೆ ಎಂದರೆ ಸರಾಗವಾದ ಇಂಗ್ಲಿಷೆಂದು ನಾಲ್ವರೂ ಮೌನವಾಗಿ ಒಪ್ಪಿಕೊಂಡಿದ್ದರೆ, ರಾಯಚೂರಿನಿಂದಲೋ ಬೀದರಿನಿಂದಲೋ ಬಂದ, ತನ್ನ ನುಡಿಯಲ್ಲಿ ಮಾತಾಡುವ ಅಭ್ಯರ್ಥಿಗೆ ನಾಲ್ವರಿಂದಲೂ ತಪ್ಪದೆ 2 ಬರುತ್ತದೆ. ಅಂಕಗಳ ಹೊಂದಿಕೆ ಅಪೂರ್ವವಾಗಿರುತ್ತದೆ! ಇಂಥದ್ದನ್ನು ಹಿಡಿಯುವುದು ಅಂಕಗಳ ಹೋಲಿಕೆಯಲ್ಲ, ಗೂಟದ ಮಾತುಗಳ ಪರಿಶೀಲನೆ. ಪ್ರತಿ ಗೂಟಕ್ಕೂ ಒಂದು ಪ್ರಶ್ನೆ ಕೇಳಬೇಕು: ಈ ನಡವಳಿಕೆ ಇಲ್ಲದಿದ್ದರೆ ವಾರ್ಡಿನಲ್ಲಿ ಏನು ಕೆಡುತ್ತದೆ? ಡೋಸನ್ನು ಓದಿ ಹೇಳದಿದ್ದರೆ ಏನು ಕೆಡುತ್ತದೆಂದು ಎಲ್ಲರಿಗೂ ಗೊತ್ತು. ‘ಸ್ಪಷ್ಟತೆ’ಗೆ ಉತ್ತರ ಬೇಕಾದರೆ ಅದನ್ನು ಹೀಗೆ ಬಿಡಿಸಿ ಬರೆಯಬೇಕಾಗುತ್ತದೆ: ರೋಗಿಯ ಸ್ಥಿತಿ, ಕೊಟ್ಟ ಔಷಧ, ಕೊಟ್ಟ ಸಮಯ, ಈ ಮೂರನ್ನೂ ಯಾವ ಭಾಷೆಯಲ್ಲಾದರೂ ಬಿಡದೆ ಹೇಳಿದಳೇ?

ಗೂಟ ಕಟ್ಟಿದ ಅಂಕ ಸಂದರ್ಶಕರ ವಿವೇಚನೆಯನ್ನು ಕಟ್ಟಿಹಾಕುತ್ತದೆ ಎಂಬ ದೂರು ಹಳೆಯದು. 1950ರ ದಶಕದ ಮಧ್ಯದಲ್ಲಿ ಇಸ್ರೇಲಿ ಸೇನೆಯಲ್ಲಿ ಡೇನಿಯಲ್ ಕಾಹ್ನಮನ್ ಎಂಬ ತರುಣ ಮನಶ್ಶಾಸ್ತ್ರಜ್ಞ ಆರು ಗುಣಗಳಿಗೆ ಗೊತ್ತುಪಡಿಸಿದ ಪ್ರಶ್ನೆಗಳನ್ನು ಕೊಟ್ಟು, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ ಹಾಕಿಸಿದಾಗ, ಸಂದರ್ಶಕರು ತಮ್ಮನ್ನು ಯಂತ್ರಗಳನ್ನಾಗಿ ಮಾಡುತ್ತಿದ್ದಾನೆಂದು ಮುನಿದರು. ಕಾಹ್ನಮನ್ ಒಂದು ರಾಜಿ ಮಾಡಿಕೊಂಡರು: ಆರೂ ಅಂಕ ಬರೆದಾದ ಮೇಲೆ, ಕಣ್ಣುಮುಚ್ಚಿ ಈ ಸೈನಿಕನನ್ನು ಕಲ್ಪಿಸಿಕೊಂಡು ಒಟ್ಟಾರೆ ಒಂದು ಅಂಕ ಕೊಡಿ. ಆರರ ಮೊತ್ತ ಹಿಂದಿನ ಪದ್ಧತಿಗಿಂತ ಚೆನ್ನಾಗಿ ಕೆಲಸ ಮಾಡಿತು. ಅವರಿಗೇ ಅಚ್ಚರಿಯಾಗುವಂತೆ, ಕಣ್ಣುಮುಚ್ಚಿ ಕೊಟ್ಟ ಅಂಕವೂ ಹಿಂದೆ ಬೀಳಲಿಲ್ಲ. ಒಳಗಣ್ಣಿಗೆ ಜಾಗವಿದೆ, ಆದರೆ ಸಾಕ್ಷ್ಯವನ್ನು ಬಿಡಿಬಿಡಿಯಾಗಿ ಬರೆದಿಟ್ಟ ಮೇಲೆ.

ಕಾಹ್ನಮನ್ ಅವರಿಗೆ ಇದನ್ನು ಹೇಳಲು ಸಾಧ್ಯವಾದದ್ದು, ಆ ಸೈನಿಕರು ಮುಂದೆ ಹೇಗೆ ಕೆಲಸ ಮಾಡಿದರೆಂದು ಅವರ ಮೇಲಧಿಕಾರಿಗಳನ್ನು ಕೇಳಿದ್ದರಿಂದ. ನಮ್ಮ ಆಯ್ಕೆಗಳಲ್ಲಿ ಈ ಕೊನೆಯ ಹೆಜ್ಜೆ ಬಹುತೇಕ ಇಲ್ಲ. ಆಸ್ಪತ್ರೆ ಆರು ತಿಂಗಳ ಬಳಿಕ ವಾರ್ಡ್ ಸಿಸ್ಟರ್‌ಗಳಿಗೆ ಅದೇ ಗೂಟದ ಹಾಳೆ ಕೊಟ್ಟು, ಸಂದರ್ಶನದ ಅಂಕ ತೋರಿಸದೆ, ಹೊಸ ನರ್ಸ್‌ಗಳಿಗೆ ಅಂಕ ಹಾಕಿಸಬಹುದು. ಆಗಲೂ ಒಂದು ಎಚ್ಚರ ಬೇಕು. ಆಯ್ಕೆಯಾದವರೆಲ್ಲ 18ರಿಂದ 23ರ ನಡುವೆ ಅಂಕ ಪಡೆದವರೇ ಆಗಿರುವುದರಿಂದ, ಸಂದರ್ಶನದ ಅಂಕಕ್ಕೂ ವಾರ್ಡಿನ ಅಂಕಕ್ಕೂ ನಂಟು ತೆಳುವಾಗಿ ಕಂಡರೆ ಅದು ಸಂದರ್ಶನ ಸೋತಿದ್ದರ ಗುರುತಾಗಬೇಕಿಲ್ಲ. 12 ಬಂದವರನ್ನು ಯಾರೂ ವಾರ್ಡಿನಲ್ಲಿ ನೋಡಿಯೇ ಇಲ್ಲ. ಒಟ್ಟು ಅಂಕದ ಬದಲು ಪ್ರಶ್ನೆವಾರು ಅಂಕಗಳನ್ನು ಹಿಡಿದು ನೋಡಿದರೆ ಹೆಚ್ಚು ತಿಳಿಯುತ್ತದೆ: ಔಷಧದ ಪ್ರಶ್ನೆಯಲ್ಲಿ 2 ಬಂದರೂ ಬೇರೆ ಪ್ರಶ್ನೆಗಳ ಬಲದಿಂದ ಆಯ್ಕೆಯಾದವರು ಕೆಲವರು ಇದ್ದೇ ಇರುತ್ತಾರೆ, ಅವರ ಕೇಸ್ ಶೀಟುಗಳಲ್ಲಿ ಫೋನ್ ಆದೇಶಗಳು ಹೇಗೆ ದಾಖಲಾಗಿವೆ ಎಂದು ತೆಗೆದುನೋಡಬಹುದು.